ತರಕಾರಿಗೆ, ಕೈಖರ್ಚಿಗೆ ಯಾವುದು ಸರಿ: ನೋಟಿನ ಕವರಾ, ಬೇರೆ ಅಕೌಂಟಾ, ಯುಪಿಐ ಲೈಟಾ?

ಕವರ್ ಲೆಕ್ಕ ಅಂದ್ರೆ ಹೊಸದೇನಲ್ಲ. ಸಂಬಳ ಬಂದ ದಿನಾನೇ ತರಕಾರಿಗಿಷ್ಟು, ದಿನಸಿಗಿಷ್ಟು, ಕೈಖರ್ಚಿಗಿಷ್ಟು ಅಂತ ಬೇರೆ ಬೇರೆ ಕವರಲ್ಲಿ ನೋಟು ಹಾಕಿಡೋದು, ಯಾವ ಕವರ್ ಖಾಲಿ ಆಯ್ತೋ ಆ ಖರ್ಚು ತಿಂಗಳ ಕೊನೇವರೆಗೂ ಬಂದ್. ನಮ್ಮ ಮನೆಗಳಲ್ಲಿ ಸಾಸಿವೆ ಡಬ್ಬಿ, ಬೇಳೆ ಡಬ್ಬಿ, ಸೀರೆ ಮಡಿಕೆ ಅಂತ ಈ ಕೆಲಸ ಮೊದಲಿಂದಾನೂ ನಡೀತಾನೇ ಇತ್ತು. ಆಗ ಕವರ್ ಖಾಲಿ ಆದ್ರೆ ನಿಜವಾಗ್ಲೂ ಖಾಲಿ, ಬೇರೆ ದಾರೀನೇ ಇರ್ಲಿಲ್ಲ, ಈಗ ಹಾಗಲ್ವಲ್ಲ, ಕವರ್ ಖಾಲಿ ಆದ್ರೂ ಜೇಬಲ್ಲಿ ಫೋನ್ ಇದೆ, ಸೊಪ್ಪಿನ ಗಾಡಿಯಲ್ಲೂ ಕ್ಯೂಆರ್ ನೇತಾಡ್ತಿದೆ, ಒಂದು ಸ್ಕ್ಯಾನ್ ಹೊಡೆದ್ರೆ ಆಯ್ತು. ಹಾಗಾಗಿ 'ಕ್ಯಾಶ್ ಕವರ್ ಮಾಡಿ ಉಳಿತಾಯ ಮಾಡಿ' ಅಂತ ಯಾರಾದ್ರೂ ಹೇಳಿದ್ರೆ ನಾನು ಕೇಳೋ ಮೊದಲ ಪ್ರಶ್ನೆ ಒಂದೇ: ಸ್ಕ್ಯಾನ್ ಮಾಡಿದ ದುಡ್ಡನ್ನ ಕವರ್ ಲೆಕ್ಕಕ್ಕೆ ಹೇಗೆ ತರ್ತೀರಾ? ಅದಕ್ಕೆ ಉತ್ತರ ಇಲ್ಲ ಅಂದ್ರೆ ಕವರ್ ಮಾಡಿ ಪ್ರಯೋಜನ ಇಲ್ಲ, ಎರಡು ಕಡೆಯಿಂದ ಖರ್ಚು ಆಗುತ್ತೆ ಅಷ್ಟೇ.

ಇಲ್ಲಿ ನಾನು ಹೋಲಿಸ್ತಿರೋದು ಮೂರನ್ನ. ಒಂದು ಪಕ್ಕಾ ನೋಟಿನ ಕವರ್. ಎರಡನೇದು ಮನೆಖರ್ಚಿಗೇ ಅಂತ ಬೇರೆ ಸೇವಿಂಗ್ಸ್ ಅಕೌಂಟ್ ಇಟ್ಟು ಅದರಿಂದ ಮಾತ್ರ ಯುಪಿಐ. ಮೂರನೇದು ಸ್ವಲ್ಪ ದುಡ್ಡು ಮೊದಲೇ ಆಪಿಗೆ ತುಂಬಿಟ್ಟು ಪಿನ್ ಇಲ್ಲದೆ ಕೊಡೋ ಯುಪಿಐ ಲೈಟ್‌ನೇ ಕವರ್ ತರ ಬಳಸೋದು. ಬಾಡಿಗೆ, ಕರೆಂಟ್ ಬಿಲ್, ಸ್ಕೂಲ್ ಫೀಸ್, ಗ್ಯಾಸ್ ಇವನ್ನೆಲ್ಲ ಇಲ್ಲಿ ತರೋದೇ ಬೇಡ, ಅವು ಎಷ್ಟು ಅಂತ ಮೊದಲೇ ಗೊತ್ತಿರುತ್ತೆ, ಬ್ಯಾಂಕಿಂದ ಹೋಗ್ಲಿ. ಎಷ್ಟು ಅಂತ ಗೊತ್ತಾಗದೇ ಹೋಗೋದು ತರಕಾರಿ ಹಣ್ಣು ಹೂವು, ಆಮೇಲೆ ಟೀ ಕಾಫಿ, ಸಂಜೆ ಗೋಬಿ, ಪಾನಿಪೂರಿ, 'ಬರ್ತಾ ಒಂದು ಬ್ರೆಡ್ ತಗೊಂಡ್ ಬಾ' ತರದ್ದು.

ಮೊದಲು ಎಲ್ಲಿ ಸೋರ್ತಿದೆ ನೋಡಿ

ಯಾವುದನ್ನ ಆರಿಸ್ಕೊಬೇಕು ಅನ್ನೋದು ನಿಮ್ಮ ದುಡ್ಡು ಎಲ್ಲಿ ಹೋಗ್ತಿದೆ ಅನ್ನೋದರ ಮೇಲೆ ನಿಂತಿದೆ. ಗೂಗಲ್ ಪೇ, ಫೋನ್‌ಪೇ ಏನೇ ಇರ್ಲಿ, ಹಿಸ್ಟರಿ ತೆಗೆದು ಹೋದ ತಿಂಗಳದ್ದು ಪೂರ್ತಿ ನೋಡಿ, 200 ರೂಪಾಯಿ ಒಳಗಿನದ್ದು ಒಂದು ಕಡೆ ಕೂಡಿ, ಹತ್ತು ನಿಮಿಷದಲ್ಲಿ ಮನೆಗೆ ತರಿಸೋ ಆಪ್‌ಗಳದ್ದು ಅಂದ್ರೆ ಬ್ಲಿಂಕಿಟ್, ಜೆಪ್ಟೋ, ಇನ್‌ಸ್ಟಾಮಾರ್ಟ್ ಇವುದ್ದು ಇನ್ನೊಂದು ಕಡೆ, ಸೂಪರ್ ಮಾರ್ಕೆಟ್ ದಿನಸಿ ಮೂರನೇ ಕಡೆ.

ಹೀಗೆ ಕೂತಾಗ ಒಂದು ತಮಾಷೆ ಕಣ್ಣಿಗೆ ಬೀಳುತ್ತೆ. ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಅಂಗಡಿ ಹೆಸರು ಬರಲ್ಲ, ಕ್ಯೂಆರ್ ಯಾರ ಹೆಸರಲ್ಲಿದೆಯೋ ಅವರ ಹೆಸರು ಬರುತ್ತೆ. ಯಾರೋ ಮಂಜುನಾಥ್ ಅನ್ನೋರಿಗೆ 40, ಯಾರೋ ಲಕ್ಷ್ಮಮ್ಮ ಅನ್ನೋರಿಗೆ 65, ಇನ್ಯಾರೋ ಪರ್ವೀಜ್ ಅನ್ನೋರಿಗೆ 110. ಅದು ಟೀನಾ, ಕೊತ್ತಂಬರಿ ಸೊಪ್ಪಾ, ಪಂಕ್ಚರಾ ಅಂತ ತಿಂಗಳಾದ್ಮೇಲೆ ಯಾರಿಗೆ ನೆನಪಿರುತ್ತೆ ಹೇಳಿ. 'ಎಲ್ಲಾ ಡಿಜಿಟಲ್, ಲೆಕ್ಕ ತಾನಾಗೇ ಸಿಗುತ್ತೆ' ಅನ್ನೋ ಮಾತು ದೊಡ್ಡ ಖರ್ಚಿಗೆ ಸರಿ, ಈ ಚಿಲ್ಲರೆ ಖರ್ಚಲ್ಲಿ ಸುಳ್ಳಾಗೋದು ಇಲ್ಲೇ. ಸ್ಕ್ಯಾನ್ ಮಾಡುವಾಗ ನೋಟ್ ಬರೆಯೋ ಜಾಗ ಇದೆ ನಿಜ, ಆದ್ರೆ ಹಿಂದೆ ನಾಲ್ಕು ಜನ ನಿಂತಿರುವಾಗ ಯಾರೂ 'ಬದನೆಕಾಯಿ' ಅಂತ ಟೈಪ್ ಮಾಡ್ತಾ ಕೂರಲ್ಲ.

ಈಗ ಮೂರು ರಾಶಿ ನೋಡಿ. ಚಿಲ್ಲರೆ ಸ್ಕ್ಯಾನ್ ರಾಶಿ ದೊಡ್ಡದಿದ್ರೆ ನೋಟಿನ ಕವರ್ ನಿಮಗೆ ಕೆಲಸ ಮಾಡುತ್ತೆ. ಆಪ್ ಆರ್ಡರ್ ರಾಶಿ ದೊಡ್ಡದಿದ್ರೆ ನೋಟಿನ ಕವರ್ ಏನೂ ಮಾಡಲ್ಲ, ಯಾಕಂದ್ರೆ ಆ ದುಡ್ಡು ಕವರ್ ಹತ್ರ ಬರೋದೇ ಇಲ್ಲ, ಅದಕ್ಕೆ ಬೇರೆ ಅಕೌಂಟೇ ಬೇಕು. ಸೂಪರ್ ಮಾರ್ಕೆಟ್ ರಾಶಿ ಮಾತ್ರ ದೊಡ್ಡದು ಅಂದ್ರೆ ಚೀಟಿ ಬರ್ಕೊಂಡು ಹೋಗೋದು ಕಲೀರಿ, ಅದಕ್ಕೆ ಕವರ್ ಬೇಡ.

ನೋಟಿನ ಕವರ್: ಒಂದು ತಿಂಗಳು ಹೇಗೆ ನಡೆಯುತ್ತೆ

ಮೈಸೂರು ಕುವೆಂಪುನಗರದಲ್ಲಿ ಗಂಡ, ಹೆಂಡತಿ, ಸ್ಕೂಲಿಗೆ ಹೋಗೋ ಒಂದು ಮಗು ಇರೋ ಮನೆ ಅಂತಿಟ್ಕೊಳ್ಳಿ. ದಿನಸಿಗೆ 5,000, ಅದು ತಿಂಗಳ ಮೊದಲ ವಾರದಲ್ಲಿ ಒಂದೇ ಸಲ ತರೋದು, ಅದನ್ನ ಕಾರ್ಡೋ ಯುಪಿಐಯೋ ಏನಾದ್ರೂ ಮಾಡ್ಕೊಳ್ಲಿ. ಹಾಲು ತಿಂಗಳ ಲೆಕ್ಕ, ಅದೂ ಬೇರೆ. ಕವರಿಗೆ ಬರೋದು ತರಕಾರಿ ಹಣ್ಣು ಹೂವು 4,000, ಆಮೇಲೆ ಇಬ್ಬರಿಗೂ ಕೈಖರ್ಚು ತಲಾ 2,000. ಒಟ್ಟು 8,000 ಕ್ಯಾಶ್.

ಹೆಚ್ಚಿನವರು ಕೆಡೋದು ಇಲ್ಲೇ, 4,000ನ ನಾಲ್ಕು ವಾರ ಅಂತ ತಲಾ ಸಾವಿರದ ನಾಲ್ಕು ಕವರ್ ಮಾಡಿಬಿಡ್ತಾರೆ. ತಿಂಗಳಿಗೆ 28 ದಿನ ಇರೋದು ಫೆಬ್ರವರಿಗೆ ಮಾತ್ರ ಅಲ್ವಾ, ಉಳಿದ ತಿಂಗಳಲ್ಲಿ 29, 30, 31ನೇ ತಾರೀಕಿಗೆ ಕವರೇ ಇರಲ್ಲ, ಆಗ ಸ್ಕ್ಯಾನ್ ಶುರು. ಅದರ ಬದಲು ಐದು ಕವರ್ ಮಾಡಿ. 1, 8, 15, 22ನೇ ತಾರೀಕಿಂದ ಶುರುವಾಗೋ ನಾಲ್ಕು ಕವರಿಗೆ ತಲಾ 900, ಅಂದ್ರೆ 3,600. ಐದನೇ ಪುಟ್ಟ ಕವರಿಗೆ 29ರಿಂದ ಕೊನೆವರೆಗೂ 400. ದಿನಕ್ಕೆ ಸುಮಾರು 130 ರೂಪಾಯಿ ಬೀಳುತ್ತೆ ಎರಡು ಕಡೆನೂ. ಕವರ್ ಮೇಲೆ ತಾರೀಕು ಬರೀರಿ, 'ವಾರ 2' ಅಂತ ಬರೆದ್ರೆ ಎರಡನೇ ವಾರ ಯಾವಾಗ ಶುರು ಅಂತಾನೇ ಜಗಳ ಆಗುತ್ತೆ.

ಇದಲ್ಲದೆ ಇನ್ನೊಂದು ಖಾಲಿ ಕವರ್ ಬೇಕೇ ಬೇಕು, ಅದರ ಮೇಲೆ 'ಸ್ಕ್ಯಾನ್' ಅಂತ ಬರೀರಿ. ನನ್ನ ಪ್ರಕಾರ ಇಡೀ ಪದ್ಧತಿ ನಿಂತಿರೋದೇ ಇದರ ಮೇಲೆ. ಕಾರಣ ಏನೇ ಇರ್ಲಿ, ತರಕಾರಿಗೆ ಅಂತ ಫೋನಿಂದ ಕೊಟ್ರಿ ಅಂದ್ರೆ ಮನೆಗೆ ಬಂದ ತಕ್ಷಣ ಅಷ್ಟೇ ನೋಟನ್ನ ವಾರದ ಕವರಿಂದ ತೆಗೆದು ಸ್ಕ್ಯಾನ್ ಕವರಿಗೆ ಹಾಕ್ಬೇಕು. ಬ್ಯಾಂಕಲ್ಲಿ ಹೋದ ದುಡ್ಡಿನ ಬದಲಿಗೆ ಇಲ್ಲಿ ನೋಟು ಕೂತಿರುತ್ತೆ, ಅದನ್ನ ಮುಟ್ಟಂಗಿಲ್ಲ.

ಒಂದು ವಾರ ನೋಡೋಣ, 8ರಿಂದ 14. ಕವರಲ್ಲಿ 900. ಮೊದಲ ದಿನ ದೇವರಾಜ ಮಾರ್ಕೆಟ್‌ಗೆ ಹೋಗಿ ಈರುಳ್ಳಿ, ಟೊಮೇಟೊ, ಬೀನ್ಸ್, ಬಾಳೆಹಣ್ಣು ಎಲ್ಲಾ ಸೇರಿ 420, ಉಳೀತು 480. ಎರಡು ದಿನ ಬಿಟ್ಟು ಮನೆ ಮುಂದೆ ಬಂದ ಗಾಡಿಯಲ್ಲಿ ಸೊಪ್ಪು, ನಿಂಬೆಹಣ್ಣು 60, ಉಳೀತು 420. ಗುರುವಾರ ಸಂಜೆ ಶುಕ್ರವಾರದ ಪೂಜೆಗೆ ಹೂವು, ಒಂದು ತೆಂಗಿನಕಾಯಿ, 85 ಆಯ್ತು, ಉಳೀತು 335. ಆಮೇಲೆ ಒಂದಿನ ಆಫೀಸಿಂದ ಬರ್ತಾ ತರಕಾರಿ 190 ಆಯ್ತು, ಕೈಯಲ್ಲಿ 500ರ ನೋಟು, ಅಂಗಡಿಯವರು 'ಚಿಲ್ಲರೆ ಇಲ್ಲ ಸಾರ್, ಫೋನ್‌ಪೇ ಮಾಡ್ಬಿಡಿ' ಅಂದ್ರು, ಮಾಡಿದ್ರು. ಮನೆಗೆ ಬಂದು ಕವರಿಂದ 190 ತೆಗೆದು ಸ್ಕ್ಯಾನ್ ಕವರಿಗೆ ಹಾಕಿದ್ರು, ವಾರದ ಕವರಲ್ಲಿ ಉಳಿದಿದ್ದು 145.

ವಾರದ ಕೊನೇಲಿ ನೆಂಟರು ಬರ್ತೀವಿ ಅಂದ್ರು, ಪನ್ನೀರು, ಕ್ಯಾಪ್ಸಿಕಂ, ದ್ರಾಕ್ಷಿ ಅಂತ ಆಪಲ್ಲಿ ಆರ್ಡರ್, 310. ಕವರಲ್ಲಿ ಇರೋದೇ 145. ಈಗ ಆ 145 ಪೂರ್ತಿ ಸ್ಕ್ಯಾನ್ ಕವರಿಗೆ ಹೋಗುತ್ತೆ, ಉಳಿದ 165 ಮುಂದಿನ ವಾರದ ಕವರಿಂದ ಬರುತ್ತೆ, ಆ ಕವರ್ ಮೇಲೆ '165 ಮೊದಲೇ ತೆಗೆದಿದೆ' ಅಂತ ಪೆನ್ನಲ್ಲಿ ಬರೀಬೇಕು. ಮುಂದಿನ ವಾರಕ್ಕೆ 735 ಅಷ್ಟೇ. ಆ ವಾರ ಹುರುಳಿಕಾಯಿ ಬದಲು ಮನೇಲಿರೋ ಹುರುಳಿಕಾಳು, ಕಡಲೆಕಾಳು ಸಾರು ಆಗುತ್ತೆ, ಆಗ್ಲಿ, ಯಾರಿಗೂ ಏನೂ ನಷ್ಟ ಇಲ್ಲ.

ತಿಂಗಳ ಕೊನೇಲಿ ಸ್ಕ್ಯಾನ್ ಕವರಲ್ಲಿ 500 ಇದೆ ಅಂದ್ಕೊಳ್ಳಿ. ಅದು ಉಳಿತಾಯ ಅಂತ ಖುಷಿಪಟ್ಟು ಹೋಟೆಲಿಗೆ ಹೋಗ್ಬೇಡಿ, ಅಷ್ಟು ದುಡ್ಡು ಬ್ಯಾಂಕಿಂದ ಆಗ್ಲೇ ಹೋಗಿದೆ. ಮುಂದಿನ ತಿಂಗಳು ತರಕಾರಿಗೆ 4,000 ತೆಗೆಯೋ ಬದಲು 3,500 ತೆಗೆದು, ಈ 500 ಸೇರಿಸಿ ಕವರ್ ಕಟ್ಟಿ. ಲೆಕ್ಕ ಅಲ್ಲಿಗೆ ಸರಿಹೋಯ್ತು.

ಸ್ಕ್ಯಾನ್ ಕವರ್ ಇನ್ನೊಂದು ವಿಷ್ಯನೂ ಹೇಳುತ್ತೆ. 4,000ದಲ್ಲಿ ಐನೂರೋ ಏಳ್ನೂರೋ ಅಲ್ಲಿ ಕೂತ್ರೆ ಸಹಜ. ಅರ್ಧಕ್ಕಿಂತ ಜಾಸ್ತಿ, ಅಂದ್ರೆ ಎರಡು ಸಾವಿರ ದಾಟ್ತಿದೆ ಅಂದ್ರೆ ನೀವು ನೋಟಲ್ಲಿ ಬದುಕ್ತಾನೇ ಇಲ್ಲ, ನೋಟನ್ನ ಒಂದು ಕವರಿಂದ ಇನ್ನೊಂದು ಕವರಿಗೆ ಸಾಗಿಸೋ ಗುಮಾಸ್ತ ಆಗಿದ್ದೀರಾ ಅಷ್ಟೇ. ಅಂಥವರು ಕೆಳಗೆ ಹೇಳೋ ಬೇರೆ ಅಕೌಂಟ್ ಪದ್ಧತಿಗೆ ಹೋಗೋದು ಒಳ್ಳೇದು. ಇನ್ನೊಂದು ಗುರುತು ಎಟಿಎಂ ಸಾಲು, ಸ್ಟೇಟ್‌ಮೆಂಟಲ್ಲಿ ತಿಂಗಳಿಗೆ ಒಂದು ಎಟಿಎಂ ಸಾಲು ಇರ್ಬೇಕಾದ ಕಡೆ 17ನೇ ತಾರೀಕು 1,000, 24ಕ್ಕೆ 500 ಅಂತ ಕಂಡ್ರೆ ಕವರ್ ಸೋತಿದೆ, ಅಥವಾ ಇಟ್ಟಿದ್ದ ಮೊತ್ತನೇ ಕಮ್ಮಿ. ಎರಡರಲ್ಲಿ ಯಾವುದು ಅಂತ ಮೂರು ತಿಂಗಳು ನೋಡಿದ್ರೆ ಗೊತ್ತಾಗುತ್ತೆ, ಪ್ರತಿ ತಿಂಗಳೂ ಹೆಚ್ಚುಕಮ್ಮಿ ಅಷ್ಟೇ ಕಮ್ಮಿ ಬಿದ್ರೆ ಮೊತ್ತದ ತಪ್ಪು, ಒಂದ್ ತಿಂಗಳು 200 ಇನ್ನೊಂದ್ ತಿಂಗಳು 1,500 ಅಂತ ಕುಣಿದ್ರೆ ಕೈಯಿನ ತಪ್ಪು.

ಬೆಲೆ ಏರಿದಾಗ ಏನ್ಮಾಡೋದು ಅಂತ ಕೇಳ್ತಾರೆ. 2023ರ ಜುಲೈನಲ್ಲಿ ಟೊಮೇಟೊ ಕೆಜಿಗೆ ನೂರು ದಾಟಿತ್ತಲ್ಲ, ಆ ತರ ಹೊತ್ತಲ್ಲಿ ನೋಟಿನ ಕವರ್ ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತೆ, ಯಾಕಂದ್ರೆ ಕವರ್ ತೆಳ್ಳಗಾಗೋದು ಕೈಗೇ ಗೊತ್ತಾಗುತ್ತೆ, ತಾನಾಗೇ ಹುಣಸೆಹಣ್ಣಿನ ಸಾರಿಗೆ ಇಳೀತೀರಾ. ಸ್ಕ್ಯಾನಲ್ಲಿ ಅದೇ ಅರ್ಧ ಕೆಜಿ ತಗೊಂಡು ತಿಂಗಳ ಕೊನೆಗೆ 'ಏನಪ್ಪಾ ಇಷ್ಟಾಗಿದೆ' ಅಂತೀವಿ. ಹಬ್ಬದ್ದು ಮಾತ್ರ ಬೇರೆ. ಗೌರಿ ಗಣೇಶ, ವರಮಹಾಲಕ್ಷ್ಮಿ, ಆಯುಧಪೂಜೆ ಅಂದ್ರೆ ಹೂವಿನ ರೇಟು ಎಲ್ಲಿಗೆ ಹೋಗುತ್ತೆ ನಿಮಗೇ ಗೊತ್ತು, ಅದನ್ನ ವಾರದ ಕವರಿಂದ ನಿಭಾಯಿಸೋಕೆ ಆಗಲ್ಲ. ಪ್ರತಿ ವಾರ ಕವರಲ್ಲಿ ಮಿಕ್ಕಿದ ಹತ್ತು ಇಪ್ಪತ್ತನ್ನ 'ಹಬ್ಬ' ಅಂತ ಒಂದು ಕವರಿಗೆ ಹಾಕ್ತಾ ಹೋಗಿ, ಮುಂದಿನ ವಾರಕ್ಕೆ ಸೇರಿಸ್ಬೇಡಿ, ಸೇರಿಸಿದ್ರೆ ಅದು ಖಂಡಿತ ಖರ್ಚಾಗುತ್ತೆ.

ಚಿಲ್ಲರೆ ರಾಮಾಯಣ

ನೋಟಿನ ಕವರಿನ ದೊಡ್ಡ ತಲೆನೋವು ಇದೇ. ಎಟಿಎಂ ಉಗುಳೋದೆಲ್ಲ 500, ಸೊಪ್ಪು 20 ರೂಪಾಯಿ. ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಬ್ಯಾಂಕ್‌ಗಳಿಗೆ ಹೇಳಿತ್ತು, ಆ ವರ್ಷ ಸೆಪ್ಟೆಂಬರ್ ಕೊನೆಯೊಳಗೆ ನೂರಕ್ಕೆ 75 ಎಟಿಎಂಗಳು, 2026ರ ಮಾರ್ಚ್ ಕೊನೆಯೊಳಗೆ ನೂರಕ್ಕೆ 90 ಎಟಿಎಂಗಳು ಕನಿಷ್ಠ ಒಂದು ಡಬ್ಬಿಯಿಂದಾದ್ರೂ 100 ಅಥವಾ 200ರ ನೋಟು ಕೊಡ್ಬೇಕು ಅಂತ. ಆದ್ರೂ ನೀವು 8,000 ಅಂತ ಒತ್ತಿದ್ರೆ ಮಿಷಿನ್ ಸಾಮಾನ್ಯವಾಗಿ ಹದಿನಾರು ಐನೂರು ಕೊಟ್ಟು ಕೈತೊಳ್ಕೊಳ್ಳುತ್ತೆ. 7,900 ಅಂತ ಒತ್ತಿ, ಆಗ ಕೊನೇ 400ಕ್ಕೆ ಸಣ್ಣ ನೋಟು ಕೊಡ್ಲೇಬೇಕು, ಅಲ್ಲಿ ಇಲ್ಲ ಅಂದ್ರೆ ಆಗಲ್ಲ ಅಂತ ಹೇಳುತ್ತೆ, ಪಕ್ಕದ ಎಟಿಎಂಗೆ ಹೋಗಿ.

ಸಣ್ಣ ಸಣ್ಣದಾಗಿ ನಾಲ್ಕೈದು ಸಲ ತೆಗೆಯೋ ಐಡಿಯಾ ಬೇಡ. ನಿಮ್ಮ ಸ್ವಂತ ಬ್ಯಾಂಕ್ ಎಟಿಎಂಲಿ ತಿಂಗಳಿಗೆ ಐದು ಸಲ ಫ್ರೀ, ಬೇರೆ ಬ್ಯಾಂಕಿನದ್ದಾದ್ರೆ ಬೆಂಗಳೂರು ತರ ಮೆಟ್ರೋ ಊರಲ್ಲಿ ಮೂರೇ ಸಲ, ಮೈಸೂರು ಹುಬ್ಬಳ್ಳಿಯಂಥ ಕಡೆ ಐದು. ಅದು ಮುಗಿದ್ಮೇಲೆ 2025ರ ಮೇ 1ರಿಂದ ಒಂದ್ಸಲಕ್ಕೆ 23 ರೂಪಾಯಿವರೆಗೂ ಹಾಕ್ಬಹುದು, ಮೇಲೆ ಟ್ಯಾಕ್ಸ್ ಬೇರೆ. ಒಂದು ಕಟ್ಟು ಸೊಪ್ಪಿನ ದುಡ್ಡು ಹೋಯ್ತು ಅಂತಾನೇ ಲೆಕ್ಕ. ಅದಕ್ಕಿಂತ ತಿಂಗಳಿಗೊಂದ್ಸಲ ಬ್ರಾಂಚಿಗೆ ಹೋಗಿ ಕೌಂಟರಲ್ಲಿ ಇಪ್ಪತ್ತರ ಒಂದು ಕಟ್ಟು ಕೇಳೋದು ವಾಸಿ. ನೂರು ನೋಟು, 2,000 ರೂಪಾಯಿ, ಎರಡು ತಿಂಗಳು ಆರಾಮಾಗಿ ಬರುತ್ತೆ. ತಿಂಗಳ ಮೊದಲ ವಾರ ರಶ್ಶಲ್ಲಿ ಕೇಳಿದ್ರೆ 'ಇಲ್ಲ' ಅಂತಾರೆ, ಮಧ್ಯದಲ್ಲಿ ಹೋಗಿ ಕೇಳಿ.

900ರ ಕವರನ್ನ ನಾನು ಕಟ್ಟೋದು ಹೀಗೆ: 100ರದ್ದು ಐದು, 50ರದ್ದು ನಾಲ್ಕು, 20ರದ್ದು ಐದು, 10ರದ್ದು ಹತ್ತು. ಹತ್ತರ ನೋಟು ಸಿಗದಿದ್ರೆ ನಾಣ್ಯ ನಡೆಯುತ್ತೆ. 10 ರೂಪಾಯಿ ನಾಣ್ಯ ಚಾಲ್ತಿಯಲ್ಲಿರೋದೇ, 'ಓಡಲ್ಲ' ಅಂತ ಯಾರಾದ್ರೂ ಅಂದ್ರೆ ಅದು ಅವರ ಹಟ. ಮಾರ್ಕೆಟ್‌ಗೆ ಹೋಗುವಾಗ ಕವರ್ ಪೂರ್ತಿ ಒಯ್ಯಬೇಡಿ, ಆ ದಿನಕ್ಕೆ ಬೇಕಾದಷ್ಟು ಮಾತ್ರ.

ಕೈಖರ್ಚಿನ ಕವರಿಗೆ ಉಲ್ಟಾ ಮಾಡಿ, 500ರ ನಾಲ್ಕು ನೋಟೇ ಇಡಿ. ದೊಡ್ಡ ನೋಟು ಮುರಿಯೋಕೆ ಮನಸ್ಸು ಬರಲ್ಲ, ಚಿಲ್ಲರೆ ಇದ್ರೆ ಬೇಗ ಖರ್ಚಾಗುತ್ತೆ. ಇದನ್ನ ಪ್ರಿಯಾ ರಘುಬೀರ್, ಜೋಯ್‌ದೀಪ್ ಶ್ರೀವಾಸ್ತವ ಅನ್ನೋ ಇಬ್ಬರು ಸಂಶೋಧಕರು ಪ್ರಯೋಗ ಮಾಡೇ ತೋರಿಸಿ 2009ರಲ್ಲಿ ಪ್ರಕಟಿಸಿದ್ರು. ಟೀಗೆ 500 ಕೊಟ್ರೆ ಅಂಗಡಿಯವರು ಬೈತಾರೆ ಅನ್ನೋದು ನಿಜ, ಆ ಬೈಗುಳನೂ ಖರ್ಚು ಕಮ್ಮಿ ಮಾಡೋಕೆ ಸಹಾಯಾನೇ!

ಅಂಗಡಿಯವರ ಕಡೆಯಿಂದ ನೋಡಿದ್ರೆ ಕ್ಯಾಶ್‌ಗೆ ಬೆಲೆ ಇದ್ದೇ ಇದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಾಗ ಬೆಂಗಳೂರಲ್ಲಿ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ನವರು ಕ್ಯೂಆರ್ ಕಿತ್ತು 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದ್ರು. ಫೋನ್ ಒಂದನ್ನೇ ನಂಬ್ಕೊಂಡು ಓಡಾಡ್ತಿದ್ದವರು ಟೀಗೂ ಪರದಾಡಿದ್ರು. ಯಾವ ಪದ್ಧತಿ ಆರಿಸ್ಕೊಂಡ್ರೂ ಪರ್ಸಲ್ಲಿ ಇನ್ನೂರು ರೂಪಾಯಿ ನೋಟಲ್ಲಿ ಇರ್ಲಿ.

ಬೇರೆ ಅಕೌಂಟ್: ಆಪ್ ಆರ್ಡರ್ ಜಾಸ್ತಿ ಇರೋರಿಗೆ

ಇಲ್ಲಿ ಕವರಿನ ಜಾಗದಲ್ಲಿ ಒಂದು ಎರಡನೇ ಸೇವಿಂಗ್ಸ್ ಅಕೌಂಟ್. ಸಂಬಳದ ಅಕೌಂಟಿಂದ ಪ್ರತಿ ಸೋಮವಾರ ಇಂತಿಷ್ಟು ಅಂತ ತಾನಾಗೇ ಹೋಗೋ ತರ ನೆಟ್ ಬ್ಯಾಂಕಿಂಗಲ್ಲಿ ಹಾಕಿಡೋದು, ಮನೆಖರ್ಚೆಲ್ಲ ಆ ಅಕೌಂಟಿಂದ. ಹೇಳೋಕೆ ಸುಲಭ, ಕೆಡೋದು ಒಂದೇ ಕಡೆ. ಎರಡೂ ಅಕೌಂಟಿಗೆ ಒಂದೇ ಮೊಬೈಲ್ ನಂಬರ್ ಇರುತ್ತೆ, ಒಂದೇ ಆಪಲ್ಲಿ ಎರಡೂ ಕಾಣುತ್ತೆ, ಮನೆ ಅಕೌಂಟಲ್ಲಿ 40 ರೂಪಾಯಿ ಉಳಿದಿದ್ರೆ ಬೆರಳು ತಾನಾಗೇ ಇನ್ನೊಂದರ ಮೇಲೆ ಹೋಗುತ್ತೆ. ಅದಕ್ಕೆ ದಿನಾ ಬಳಸೋ ಆಪಿಂದ ಸಂಬಳದ ಅಕೌಂಟನ್ನ ತೆಗೆದೇ ಹಾಕಿ, ಅದು ಬೇರೆ ಆಪಲ್ಲಿ ಇರ್ಲಿ, ಆ ಆಪ್ ಫೋನಿನ ಮೊದಲ ಸ್ಕ್ರೀನಲ್ಲಿ ಇರೋದು ಬೇಡ. ಬ್ಲಿಂಕಿಟ್ ತರದ ಆಪಲ್ಲಿ ಸೇವ್ ಮಾಡಿಟ್ಟ ಕ್ರೆಡಿಟ್ ಕಾರ್ಡನ್ನೂ ಅಳಿಸಿ, ಇಲ್ಲಾಂದ್ರೆ ಇಷ್ಟೆಲ್ಲಾ ಮಾಡಿ ಹಿಂದಿನ ಬಾಗಿಲು ತೆಗೆದಿಟ್ಟ ಹಾಗೆ.

ಮಿನಿಮಮ್ ಬ್ಯಾಲೆನ್ಸ್ ನೋಡ್ಕೊಳ್ಳಿ. ತಿಂಗಳ ಕೊನೇಲಿ ಸೊನ್ನೆ ಆಗ್ಲಿ ಅಂತಾನೇ ಮಾಡಿರೋ ಅಕೌಂಟಿಗೆ ಬ್ಯಾಂಕು ದಂಡ ಹಾಕಿದ್ರೆ ಏನ್ ಬಂತು. ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಸೇವಿಂಗ್ಸ್ ಅಕೌಂಟ್‌ಗಳಿಗೆ ಆ ದಂಡ ತೆಗೆದುಹಾಕಿದೆ, ಸ್ಟೇಟ್ ಬ್ಯಾಂಕಲ್ಲಿ 2020ರಿಂದಾನೇ ಇಲ್ಲ, ಪ್ರೈವೇಟ್ ಬ್ಯಾಂಕುಗಳಲ್ಲಿ ಕೇಳಿ ತಿಳ್ಕೊಂಡೇ ತೆಗೀರಿ. ಡೆಬಿಟ್ ಕಾರ್ಡಿನ ವರ್ಷದ ಚಾರ್ಜೂ ಕೇಳಿ.

ನೋಟಿನ ಕವರಿಗಿಂತ ಇದು ಎಲ್ಲಿ ಮೇಲು ಅಂದ್ರೆ ಲೆಕ್ಕ ಪೂರ್ತಿ ಒಂದೇ ಕಡೆ, ಚಿಲ್ಲರೆ ಗೋಳಿಲ್ಲ, ಮನೇಲಿ ದುಡ್ಡಿಡೋ ಭಯ ಇಲ್ಲ. ಎಲ್ಲಿ ಕೀಳು ಅಂದ್ರೆ ಕಣ್ಣಿಗೆ ಕಾಣಲ್ಲ. ಸ್ಕ್ಯಾನ್ ಮಾಡೋ ಮುಂಚೆ ಬ್ಯಾಲೆನ್ಸ್ ಎಷ್ಟಿದೆ ಅಂತ ಯಾರೂ ನೋಡಲ್ಲ, ಪೇಮೆಂಟ್ ಫೇಲ್ ಆದಾಗ್ಲೇ ಗೊತ್ತಾಗೋದು, ಅದೂ ಬಿಲ್ಲಿಂಗ್ ಕೌಂಟರಲ್ಲಿ. ಅದಕ್ಕೇ ತಿಂಗಳಿಗೊಂದ್ಸಲ ಹಾಕೋ ಬದಲು ವಾರಕ್ಕೊಂದ್ಸಲ ಹಾಕಿ ಅಂತ ಹೇಳೋದು, ಮುಗಿದ್ರೂ ಎರಡ್ಮೂರು ದಿನ ತಡ್ಕೊಂಡ್ರೆ ಸಾಕು, ಇಡೀ ತಿಂಗಳು ಕಾಯೋಕೆ ಯಾರ ಕೈಲೂ ಆಗಲ್ಲ.

ಮನೇಲಿ ಖರ್ಚು ಮಾಡೋರು ಇಬ್ಬರು, ಅಕೌಂಟ್ ಒಬ್ಬರ ಹೆಸರಲ್ಲಿ ಅಂದ್ರೆ ಯುಪಿಐ ಸರ್ಕಲ್ ಇದೆ. 2024ರಲ್ಲಿ ಬಂದಿದ್ದು. ಅಕೌಂಟ್ ಇರೋರು ಇನ್ನೊಬ್ಬರನ್ನ ಸೇರಿಸಿ ತಿಂಗಳಿಗೆ ಇಷ್ಟು ಅಂತ ಮಿತಿ ಹಾಕ್ಬಹುದು, ಹೆಚ್ಚೆಂದ್ರೆ 15,000, ಒಂದ್ಸಲಕ್ಕೆ 5,000. ಊರಲ್ಲಿರೋ ಅಪ್ಪ ಅಮ್ಮನಿಗೆ, ಕಾಲೇಜಿಗೆ ಹೋಗೋ ಮಗಳಿಗೆ ಇದು ಒಳ್ಳೇ ಕವರ್. ಪ್ರತಿ ಪೇಮೆಂಟಿಗೂ ನಿಮ್ಮ ಒಪ್ಪಿಗೆ ಕೇಳೋ ಇನ್ನೊಂದು ಬಗೆಯೂ ಇದೆ, ಅದನ್ನ ಹಾಕ್ಬೇಡಿ ಅಂತ ನನ್ನ ಸಲಹೆ, ಮಗಳು ಕ್ಯಾಂಟೀನಲ್ಲಿ ದೋಸೆ ಮುಂದೆ ನಿಂತು ನೀವು ಮೀಟಿಂಗ್ ಮುಗಿಸೋದನ್ನ ಕಾಯ್ಬೇಕಾಗುತ್ತೆ.

ಯುಪಿಐ ಲೈಟ್: ಕೈಖರ್ಚಿಗೆ ಮಾತ್ರ

ಲೈಟ್ ಅಂದ್ರೆ ಬ್ಯಾಂಕಿಂದ ಸ್ವಲ್ಪ ದುಡ್ಡನ್ನ ಮೊದಲೇ ಆಪಿಗೆ ತುಂಬಿಡೋದು, ಸಣ್ಣ ಪೇಮೆಂಟಿಗೆ ಪಿನ್ ಬೇಡ. 2022ರಲ್ಲಿ ಶುರುವಾದಾಗ ಒಂದ್ಸಲಕ್ಕೆ 200, ಒಟ್ಟು 2,000 ಅಂತ ಇತ್ತು, ಈಗ ಒಂದ್ಸಲಕ್ಕೆ 1,000, ಒಟ್ಟು 5,000. ತುಂಬಿದ್ದಷ್ಟೇ ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಒಂದು ಸಾಲಾಗಿ ಬರುತ್ತೆ, ಆಮೇಲಿನ ಟೀ ಬಿಸ್ಕತ್ತಿನ ಸಾಲುಗಳೆಲ್ಲ ಆಪ್ ಒಳಗೇ ಇರುತ್ತೆ. ಅಂದ್ರೆ ಪಾಸ್‌ಬುಕ್ ಕಣ್ಣಿಂದ ನೋಡಿದ್ರೆ ಇದು ಎಟಿಎಂಲಿ ಕ್ಯಾಶ್ ತೆಗೆದ ಹಾಗೇನೇ, ಕವರ್ ಬುದ್ಧಿಗೆ ಚೆನ್ನಾಗಿ ಹೊಂದುತ್ತೆ.

ತೊಂದರೆ ಏನಂದ್ರೆ ಪಿನ್ ಒತ್ತೋ ಆ ಎರಡು ಸೆಕೆಂಡಿನ ತಡೆನೂ ಇಲ್ಲಿ ಇಲ್ಲ. ನೋಟು ಕೊಡುವಾಗ ಇರೋ ಸಂಕಟ ಪಿನ್‌ನಲ್ಲಿ ಅರ್ಧ ಆಗುತ್ತೆ, ಲೈಟಲ್ಲಿ ಪೂರ್ತಿ ಮಾಯ. ಹಾಗಾಗಿ ವಾರಕ್ಕೆ 500 ಮಾತ್ರ ತುಂಬಿ, ಖಾಲಿ ಇರ್ಲಿ ತುಂಬಿರ್ಲಿ ಸೋಮವಾರ ಬಿಟ್ಟು ಬೇರೆ ದಿನ ತುಂಬಬೇಡಿ. ಇನ್ನೊಂದು, ಆಟೋ ಟಾಪ್‌ಅಪ್ ಅಂತ ಒಂದು ಬಟನ್ ಇದೆ, ಬ್ಯಾಲೆನ್ಸ್ ಇಳಿದ ತಕ್ಷಣ ತಾನೇ ಬ್ಯಾಂಕಿಂದ ತುಂಬ್ಕೊಳ್ಳುತ್ತೆ, ಅದು ಆನ್ ಇದ್ರೆ ನಿಮ್ಮ ಕವರಿಗೆ ತಳಾನೇ ಇಲ್ಲ. ಮೊದಲು ಅದನ್ನ ಆಫ್ ಮಾಡಿ.

ಲೈಟಲ್ಲಿ ದುಡ್ಡು ಸಾಲದಿದ್ರೆ ಆಪ್ ಬ್ಯಾಂಕ್ ಅಕೌಂಟಿಂದ ಕೊಡೋಕೆ ಹೋಗುತ್ತೆ, ಆಗ ಪಿನ್ ಕೇಳುತ್ತೆ. ಇದನ್ನ ಗುರುತಾಗಿ ಇಟ್ಕೊಳ್ಳಿ, ಟೀ ಅಂಗಡಿ ಮುಂದೆ ಫೋನು ಪಿನ್ ಕೇಳ್ತಿದೆ ಅಂದ್ರೆ ಈ ವಾರದ ಕೈಖರ್ಚು ಮುಗೀತು ಅಂತ ಅರ್ಥ. ಅಲ್ಲೇ ಕ್ಯಾನ್ಸಲ್ ಮಾಡಿ ಪರ್ಸಲ್ಲಿರೋ ನೋಟು ಕೊಡಿ. ಫೋನ್ ಬದಲಾಯಿಸೋ ಮುಂಚೆ ಲೈಟಲ್ಲಿರೋದನ್ನ ವಾಪಸ್ ಬ್ಯಾಂಕಿಗೆ ಹಾಕ್ಕೊಳ್ಳಿ, ಇಲ್ಲಾಂದ್ರೆ ಆಮೇಲೆ ಕಸ್ಟಮರ್ ಕೇರ್ ಹಿಂದೆ ಅಲೀಬೇಕಾಗುತ್ತೆ.

ತರಕಾರಿಗೆ ಲೈಟ್ ಬೇಡ ಅಂತೀನಿ. ಬಳಸೋರು ಇಬ್ಬರಿದ್ರೆ ಎರಡು ಫೋನಲ್ಲಿ ಎರಡು ಲೈಟ್ ಆಗುತ್ತೆ, ಯಾರದ್ದರಲ್ಲಿ ಎಷ್ಟಿದೆ ಅಂತ ಇನ್ನೊಬ್ಬರಿಗೆ ಗೊತ್ತಾಗಲ್ಲ. ಅಡುಗೆಮನೆ ಶೆಲ್ಫಲ್ಲಿರೋ ಕವರ್ ಇಬ್ಬರಿಗೂ ಕಾಣುತ್ತೆ.

ಹಾಗಾದ್ರೆ ಯಾರಿಗೆ ಯಾವುದು

ಗಂಡ ಹೆಂಡತಿ, ಮಾರ್ಕೆಟ್ ಅಥವಾ ಗಾಡಿಯಲ್ಲಿ ತರಕಾರಿ ತರೋ ಮನೆ ಅಂದ್ರೆ ತರಕಾರಿಗೆ ನೋಟಿನ ಕವರ್, ಸ್ಕ್ಯಾನ್ ಕವರ್ ಜೊತೆಗೆ. ಇದರಲ್ಲಿ ನನಗೆ ಅನುಮಾನಾನೇ ಇಲ್ಲ. ಕೈಖರ್ಚು ನೋಟೋ ಲೈಟೋ ಅವರವರ ಇಷ್ಟ, ಒಬ್ಬರು ಒಂದು ಇನ್ನೊಬ್ಬರು ಇನ್ನೊಂದು ಮಾಡ್ಕೊಂಡ್ರೂ ನಡೆಯುತ್ತೆ. ಆದ್ರೆ ಕೈಖರ್ಚಿನ ಲೆಕ್ಕ ಒಬ್ಬರನ್ನೊಬ್ಬರು ಕೇಳ್ಬಾರ್ದು, 2,000 ಕೊಟ್ಟಾದ್ಮೇಲೆ ಅದು ಬಜ್ಜಿಗೆ ಹೋಯ್ತಾ ಬಳೆಗೆ ಹೋಯ್ತಾ ಅನ್ನೋದು ಅವರ ವಿಷಯ. ಕೇಳೋಕೆ ಶುರು ಮಾಡಿದ್ರೆ ಕೈಖರ್ಚು ಮೆಲ್ಲಗೆ ತರಕಾರಿ ಕವರಲ್ಲಿ ಅಡಗಿ ಕೂರುತ್ತೆ, 'ಹೂವು 80' ಅಂತ.

ಬೆಂಗಳೂರಲ್ಲಿ ಪಿಜಿಯಲ್ಲೋ ರೂಮಲ್ಲೋ ಒಬ್ಬರೇ ಇರೋರಿಗೆ, ಅಡುಗೆ ಮಾಡೋದೇ ಕಮ್ಮಿ, ತಿಂಡಿ ಊಟ ಎಲ್ಲಾ ಆಪಲ್ಲಿ ಅಂದ್ರೆ, ನೋಟಿನ ಕವರ್ ಬರೀ ನಾಟಕ ಆಗುತ್ತೆ, ರೂಮಲ್ಲಿ ಎಂಟು ಸಾವಿರ ಇಟ್ಕೊಂಡು ರೂಮ್‌ಮೇಟ್ ಮೇಲೆ ಅನುಮಾನ ಪಡೋದು ಬೇರೆ. ಬೇರೆ ಅಕೌಂಟ್ ಮಾಡಿ, ವಾರಕ್ಕೊಂದ್ಸಲ ತುಂಬಿ, ಜೊತೆಗೆ ಲೈಟ್ 500. ಬಸ್ಸು ಮೆಟ್ರೋ ದುಡ್ಡನ್ನ ಕೈಖರ್ಚಲ್ಲಿ ಸೇರಿಸ್ಬೇಡಿ, ಮೆಟ್ರೋ ಕಾರ್ಡಿಗೆ ತಿಂಗಳ ಶುರುವಲ್ಲೇ ರೀಚಾರ್ಜ್ ಮಾಡಿಬಿಡಿ.

ವಯಸ್ಸಾದವರಿಗೆ, ಪೆನ್ಷನ್ ಅಥವಾ ಗೃಹಲಕ್ಷ್ಮಿಯ 2,000 ಬ್ಯಾಂಕಿಗೆ ಬಂದು ಅದನ್ನ ತೆಗೆದು ಖರ್ಚು ಮಾಡೋರಿಗೆ ನೋಟೇ ಸರಿ, ಅವರಿಗೆ ಇದನ್ನ ಯಾರೂ ಹೇಳ್ಕೊಡ್ಬೇಕಾಗೂ ಇಲ್ಲ. ಮಕ್ಕಳು ಹೋಗಿ 'ಅಜ್ಜಿ ಫೋನ್‌ಪೇ ಹಾಕ್ಕೊಡ್ತೀನಿ' ಅಂತ ಅವರ ಪದ್ಧತಿ ಕೆಡಿಸದಿದ್ರೆ ಸಾಕು. ಹಾಕ್ಕೊಡ್ಲೇಬೇಕು ಅಂದ್ರೆ ಪೆನ್ಷನ್ ಅಕೌಂಟ್ ಜೋಡಿಸೋ ಬದಲು ನಿಮ್ಮ ಅಕೌಂಟಿಂದ ಸರ್ಕಲ್ ಹಾಕಿ, 2,000 ಮಿತಿ ಇಡಿ, ಯಾರಾದ್ರೂ ಫೋನ್ ಮಾಡಿ ಮೋಸ ಮಾಡಿದ್ರೂ ಹೋಗೋದು ಅಷ್ಟೇ.

ಶುರು ಮಾಡೋಕೆ ಒಂದನೇ ತಾರೀಕಿಗೆ ಕಾಯ್ಬೇಕಿಲ್ಲ. ಇವತ್ತು 17 ಅಂದ್ರೆ 22ಕ್ಕೆ 900ರ ಒಂದು ತರಕಾರಿ ಕವರ್, ಒಂದು ಖಾಲಿ ಸ್ಕ್ಯಾನ್ ಕವರ್ ಇಷ್ಟೇ ಮಾಡಿ ನೋಡಿ. 28ನೇ ತಾರೀಕು ರಾತ್ರಿ ಎರಡೂ ಕವರ್ ಎಣಿಸಿ, ಸ್ಕ್ಯಾನ್ ಕವರಲ್ಲಿ 450ಕ್ಕಿಂತ ಜಾಸ್ತಿ ಇದ್ರೆ ಬ್ಯಾಂಕಿಗೆ ಹೋಗಿ ಎರಡನೇ ಅಕೌಂಟಿನ ಫಾರಂ ತಗೊಳ್ಳಿ, ಕಮ್ಮಿ ಇದ್ರೆ ಇಪ್ಪತ್ತರ ಕಟ್ಟು ಕೇಳಿ.